ವಿದ್ಯಾರ್ಥಿಗಳ ಲ್ಯಾಪ್‌ಟಾಪ್ ಖರೀದಿ: ಒಟ್ಟು ವೆಚ್ಚವನ್ನು ಅಂದಾಜು ಮಾಡುವ ವಿಧಾನ

ಪೀಠಿಕೆ

ಪದವಿ ತರಗತಿಗೆ ಪ್ರವೇಶ ಪಡೆಯುವ ವಿದ್ಯಾರ್ಥಿಗಾಗಿ ಲ್ಯಾಪ್‌ಟಾಪ್ ಖರೀದಿಸುವಾಗ ಪೋಷಕರು ಸಾಮಾನ್ಯವಾಗಿ ಅಂಗಡಿಯ ಬೆಲೆಚೀಟಿಯನ್ನು ಮಾತ್ರ ಹೋಲಿಸುತ್ತಾರೆ. ಆದರೆ ಕೋರ್ಸು ಮುಗಿಯುವವರೆಗೆ ಆ ಯಂತ್ರಕ್ಕಾಗಿ ಕುಟುಂಬವು ಭರಿಸುವ ಮೊತ್ತವು ಬೆಲೆಚೀಟಿಯ ಮೊತ್ತಕ್ಕಿಂತ ಹೆಚ್ಚಾಗಿರುತ್ತದೆ. ಈ ಹೆಚ್ಚುವರಿ ಮೊತ್ತವನ್ನು ಖರೀದಿಗೆ ಮುನ್ನವೇ ಲೆಕ್ಕ ಹಾಕುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯಾಗಿ ಮೂರು ವರ್ಷಗಳ ಬಿ.ಸಿ.ಎ. ವಿದ್ಯಾರ್ಥಿಯ ಪ್ರಕರಣವನ್ನು ತೆಗೆದುಕೊಳ್ಳಲಾಗಿದೆ. ಇದರಲ್ಲಿನ ಮೊತ್ತಗಳು ಲೆಕ್ಕದ ಅನುಕೂಲಕ್ಕಾಗಿ ಭಾವಿಸಿಕೊಂಡವು. ಖರೀದಿದಾರರು ತಮ್ಮ ಊರಿನ ಅಂಗಡಿ ಹಾಗೂ ಸೇವಾ ಕೇಂದ್ರದಲ್ಲಿ ವಿಚಾರಿಸಿ ಇವುಗಳ ಬದಲಿಗೆ ನೈಜ ದರಗಳನ್ನು ಬರೆದುಕೊಳ್ಳತಕ್ಕದ್ದು.

1. ಬೆಲೆ, ಬ್ಯಾಗು ಮತ್ತು ತಂತ್ರಾಂಶ

ಮೊದಲನೆಯ ಲ್ಯಾಪ್‌ಟಾಪಿನ ಬೆಲೆ ರೂ. 45,000/- ಇದ್ದು, ಅದರಲ್ಲಿ ವಿಂಡೋಸ್ ಅಳವಡಿಸಲಾಗಿದೆ ಎಂದು ಭಾವಿಸೋಣ. ಎರಡನೆಯದರ ಬೆಲೆ ರೂ. 38,000/- ಮಾತ್ರ, ಆದರೆ ಅದರ ವಿವರಪಟ್ಟಿಯಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ಎದುರು ‘ಡಾಸ್’ ಎಂದು ನಮೂದಾಗಿದೆ. ಅಂದರೆ ವಿಂಡೋಸ್ ಪರವಾನಗಿಯನ್ನು ಪ್ರತ್ಯೇಕವಾಗಿ ಖರೀದಿಸಬೇಕು. ಅದಕ್ಕೆ ರೂ. 9,000/- ತಗಲುವುದಾದರೆ ಎರಡನೆಯ ಯಂತ್ರದ ಬೆಲೆ ರೂ. 47,000/- ಆಗುತ್ತದೆ. ರೂ. 7,000/- ಅಗ್ಗವಾಗಿ ಕಂಡ ಯಂತ್ರವು ವಾಸ್ತವವಾಗಿ ರೂ. 2,000/- ದುಬಾರಿಯಾಗುತ್ತದೆ. ಕಾಲೇಜಿನ ಪಠ್ಯಕ್ರಮಕ್ಕೆ ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆ ಸಾಕಾಗುವುದಾದರೆ ಮಾತ್ರ ಎರಡನೆಯದು ನಿಜವಾಗಿಯೂ ಅಗ್ಗ. ಆದ್ದರಿಂದ ಈ ವಿಷಯವನ್ನು ಖರೀದಿಗೆ ಮುನ್ನವೇ ಕಾಲೇಜಿನಲ್ಲಿ ವಿಚಾರಿಸುವುದು ಸೂಕ್ತ.

ಹೊಸ ಯಂತ್ರದಲ್ಲಿ ಮೊದಲೇ ಅಳವಡಿಸಿರುವ ಕಚೇರಿ ತಂತ್ರಾಂಶ ಹಾಗೂ ವೈರಸ್ ನಿರೋಧಕ ತಂತ್ರಾಂಶಗಳು ಹಲವು ಬಾರಿ ಪರೀಕ್ಷಾರ್ಥ ಅವಧಿಯವು ಆಗಿರುತ್ತವೆ. ಅವಧಿ ಮುಗಿದ ನಂತರ ವಾರ್ಷಿಕ ಶುಲ್ಕ ಪಾವತಿಸುವಂತೆ ಸೂಚನೆ ಬರುತ್ತದೆ. ವಿಂಡೋಸ್‌ನಲ್ಲಿಯೇ ವೈರಸ್ ನಿರೋಧಕ ವ್ಯವಸ್ಥೆ ಅಡಕವಾಗಿದೆ. ಪತ್ರ ಹಾಗೂ ಲೆಕ್ಕಪತ್ರ ತಯಾರಿಕೆಗೆ ಲಿಬ್ರೆಆಫೀಸ್ ಉಚಿತವಾಗಿ ದೊರೆಯುತ್ತದೆ. ಕೆಲವು ಕಾಲೇಜುಗಳು ತಮ್ಮ ಇ-ಮೇಲ್ ವಿಳಾಸದ ಮೂಲಕ ಕಚೇರಿ ತಂತ್ರಾಂಶವನ್ನು ಉಚಿತವಾಗಿ ಒದಗಿಸುತ್ತವೆ. ಆದ್ದರಿಂದ ಈ ಬಾಬಿಗೆ ಶೂನ್ಯ ಎಂದು ಬರೆದುಕೊಳ್ಳಲು ಸಾಧ್ಯವಿದೆ.

ಬ್ಯಾಗನ್ನು ಉಚಿತವಾಗಿ ನೀಡದಿದ್ದಲ್ಲಿ ರೂ. 1,200/- ಸೇರಿಸಬೇಕು. ಉಚಿತ ಬ್ಯಾಗಿನ ತಳದಲ್ಲಿ ಮೆತ್ತೆ ಇದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ಬಸ್ಸಿನಲ್ಲಿ ಅಥವಾ ತರಗತಿಯಲ್ಲಿ ಬ್ಯಾಗನ್ನು ನೆಲಕ್ಕಿಡುವಾಗ ಪೆಟ್ಟು ಬೀಳುವುದು ತಳಭಾಗಕ್ಕೆ.

2. ವಾರಂಟಿಯ ವ್ಯಾಪ್ತಿ

ಸಾಮಾನ್ಯವಾಗಿ ಲ್ಯಾಪ್‌ಟಾಪಿನೊಂದಿಗೆ ಒಂದು ವರ್ಷದ ವಾರಂಟಿ ಇರುತ್ತದೆ. ಇದು ತಯಾರಿಕೆಯ ದೋಷಗಳಿಗೆ ಮಾತ್ರ ಅನ್ವಯಿಸುತ್ತದೆ. ಕೈಜಾರಿ ಬಿದ್ದು ಪರದೆ ಒಡೆದರೆ ಅಥವಾ ಕೀಲಿಮಣೆಯ ಮೇಲೆ ನೀರು, ಚಹಾ ಚೆಲ್ಲಿದರೆ ಮೊದಲ ತಿಂಗಳಿನಲ್ಲಿಯೂ ಅದು ಅನ್ವಯಿಸುವುದಿಲ್ಲ. ಹೆಚ್ಚುವರಿ ಹಣ ನೀಡಿ ಪಡೆಯುವ ವಿಸ್ತರಿತ ವಾರಂಟಿಯು ಇದೇ ವ್ಯಾಪ್ತಿಯನ್ನು ಮುಂದಿನ ವರ್ಷಗಳಿಗೆ ಮುಂದುವರಿಸುತ್ತದೆಯೇ ಹೊರತು ಅಪಘಾತಗಳನ್ನು ಒಳಗೊಳ್ಳುವುದಿಲ್ಲ. ಬ್ಯಾಟರಿಯನ್ನು ಬಹುತೇಕ ಅದರಿಂದ ಹೊರಗಿಡಲಾಗಿರುತ್ತದೆ.

ಪರದೆ ಒಡೆಯುವಿಕೆ ಮತ್ತು ದ್ರವ ಚೆಲ್ಲುವಿಕೆಗೆ ‘ಅಪಘಾತ ಹಾನಿ ರಕ್ಷಣೆ’ ಎಂಬ ಪ್ರತ್ಯೇಕ ಯೋಜನೆ ಇರುತ್ತದೆ. ಖರೀದಿಯ ನಂತರ ನಿಗದಿತ ದಿನಗಳೊಳಗೆ ಇದನ್ನು ಪಡೆಯಬೇಕಾಗುತ್ತದೆ. ವರ್ಷಕ್ಕೆ ಎಷ್ಟು ಬಾರಿ ದುರಸ್ತಿ ಮಾಡಿಕೊಡಲಾಗುವುದು ಎಂಬ ಮಿತಿಯೂ ಸಾಮಾನ್ಯವಾಗಿ ಇರುತ್ತದೆ. ಕಳವಾದಲ್ಲಿ ಇದು ಅನ್ವಯಿಸುವುದೆಂದು ಭಾವಿಸತಕ್ಕದ್ದಲ್ಲ.

ಸೇವೆಯನ್ನು ಮನೆಬಾಗಿಲಿಗೆ ನೀಡುವರೋ ಅಥವಾ ಯಂತ್ರವನ್ನು ಸೇವಾ ಕೇಂದ್ರಕ್ಕೆ ಒಯ್ಯಬೇಕೋ ಎಂಬುದನ್ನೂ ಕೇಳಿ ತಿಳಿಯಬೇಕು. ಶಿರಸಿಯಲ್ಲಿ ಓದುವ ವಿದ್ಯಾರ್ಥಿಯು ಹುಬ್ಬಳ್ಳಿಯ ಕೇಂದ್ರಕ್ಕೆ ಯಂತ್ರ ಕೊಡಲು ಒಮ್ಮೆ, ತರಲು ಒಮ್ಮೆ ಹೋಗಬೇಕಾದಲ್ಲಿ ಬಸ್ಸಿನ ವೆಚ್ಚವೂ ಎರಡು ದಿನಗಳ ಪಾಠವೂ ದುರಸ್ತಿಯ ಲೆಕ್ಕಕ್ಕೆ ಸೇರುತ್ತವೆ.

3. ದುರಸ್ತಿ ಸಂಭವದ ಲೆಕ್ಕ

ದುರಸ್ತಿಯು ಬಂದೇ ಬರುತ್ತದೆ ಎನ್ನುವಂತಿಲ್ಲ. ಬಾರದೆಂದು ಕೈಬಿಡುವಂತೆಯೂ ಇಲ್ಲ. ದುರಸ್ತಿಯ ಮೊತ್ತವನ್ನು ಅದು ಸಂಭವಿಸುವ ಸಾಧ್ಯತೆಯಿಂದ ಗುಣಿಸಿದಾಗ ಬರುವ ಮೊತ್ತವನ್ನು ವೆಚ್ಚವೆಂದು ಪರಿಗಣಿಸಬೇಕು. ಮೂರು ವರ್ಷಗಳ ಅವಧಿಗೆ ಭಾವಿಸಿಕೊಂಡ ಲೆಕ್ಕ ಈ ಕೆಳಕಂಡಂತಿದೆ:

ಅ) ಪರದೆ ಒಡೆಯುವುದು: ರೂ. 9,000/-, ಸಾಧ್ಯತೆ ಶೇ. 10 – ರೂ. 900/-
ಆ) ದ್ರವ ಚೆಲ್ಲಿ ಮದರ್‌ಬೋರ್ಡ್ ಹಾಳಾಗುವುದು: ರೂ. 20,000/-, ಶೇ. 5 – ರೂ. 1,000/-
ಇ) ವಾರಂಟಿ ಮುಗಿದ ಮೇಲೆ ಮದರ್‌ಬೋರ್ಡ್ ತಾನಾಗಿ ಕೆಡುವುದು: ರೂ. 20,000/-, ಶೇ. 5 – ರೂ. 1,000/-
ಈ) ಚಾರ್ಜರ್ ಕೆಡುವುದು: ರೂ. 3,000/-, ಶೇ. 20 – ರೂ. 600/-
ಒಟ್ಟು ರೂ. 3,500/-

ಎರಡು ಹೆಚ್ಚುವರಿ ವರ್ಷಗಳ ವಿಸ್ತರಿತ ವಾರಂಟಿಗೆ ರೂ. 4,500/- ಕೇಳಿದರೆ, ಅದು ಹೆಚ್ಚೆಂದರೆ (ಇ) ಮತ್ತು (ಈ) ಸೇರಿ ರೂ. 1,600/- ಮೌಲ್ಯದ ಸಂಭವವನ್ನು ಮಾತ್ರ ತಡೆಯುತ್ತದೆ. ಮೂರು ವರ್ಷಗಳ ಅಪಘಾತ ರಕ್ಷಣೆಗೆ ರೂ. 4,000/- ಕೇಳಿದರೆ, ಅದು (ಅ) ಮತ್ತು (ಆ) ಸೇರಿ ರೂ. 1,900/- ಮೌಲ್ಯದ್ದನ್ನು ತಡೆಯುತ್ತದೆ. ಸರಾಸರಿ ಲೆಕ್ಕದಲ್ಲಿ ಎರಡೂ ದುಬಾರಿ.

ಆದರೆ ಸರಾಸರಿಯೊಂದೇ ಮಾನದಂಡವಲ್ಲ. ಹಾನಿಯಾದ ದಿನ ಕುಟುಂಬವು ತೆರಬೇಕಾದುದು ರೂ. 1,000/- ಅಲ್ಲ, ರೂ. 20,000/-. ಪರೀಕ್ಷೆಯ ಅಥವಾ ಪ್ರಾಜೆಕ್ಟ್ ಸಲ್ಲಿಕೆಯ ಹೊತ್ತಿನಲ್ಲಿ ಅಷ್ಟು ಹಣವನ್ನು ಸಾಲವಿಲ್ಲದೆ ಹೊಂದಿಸಬಲ್ಲ ಕುಟುಂಬವು ರಕ್ಷಣಾ ಯೋಜನೆಯನ್ನು ಬಿಟ್ಟು ಆ ಮೊತ್ತವನ್ನು ಉಳಿತಾಯ ಖಾತೆಯಲ್ಲಿ ಇರಿಸಬಹುದು. ಹೊಂದಿಸಲಾಗದ ಕುಟುಂಬಕ್ಕೆ ರೂ. 4,000/- ವ್ಯರ್ಥವಲ್ಲ. ಎರಡರಲ್ಲಿ ಒಂದನ್ನು ಮಾತ್ರ ಪಡೆಯಲು ಸಾಧ್ಯವಿದ್ದಲ್ಲಿ, ಹಾಸ್ಟೆಲಿನಲ್ಲಿದ್ದು ಪ್ರತಿದಿನ ಯಂತ್ರವನ್ನು ಹೊತ್ತೊಯ್ಯುವ ವಿದ್ಯಾರ್ಥಿಗೆ ಅಪಘಾತ ರಕ್ಷಣೆಯೂ, ಮನೆಯ ಮೇಜಿನ ಮೇಲೆಯೇ ಬಳಸುವವರಿಗೆ ವಿಸ್ತರಿತ ವಾರಂಟಿಯೂ ಹೆಚ್ಚು ಸೂಕ್ತ.

4. ಬ್ಯಾಟರಿ

ಬ್ಯಾಟರಿಯು ದುರಸ್ತಿಯ ಬಾಬಲ್ಲ, ಸವಕಳಿಯ ಬಾಬು. ಮೂರನೆಯ ವರ್ಷದಲ್ಲಿ ಬದಲಾಯಿಸಬೇಕಾಗಬಹುದೆಂದು ರೂ. 4,000/- ತೆಗೆದಿರಿಸುವುದು ಒಳಿತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಆದೇಶವನ್ನು ನೀಡಿದರೆ ಬ್ಯಾಟರಿಯ ಸ್ಥಿತಿ ತಿಳಿಯುತ್ತದೆ:

```
powercfg /batteryreport
```

ಸಿದ್ಧವಾಗುವ ವರದಿಯಲ್ಲಿ DESIGN CAPACITY ಎಂಬುದು ಬ್ಯಾಟರಿಯ ಮೂಲ ಸಾಮರ್ಥ್ಯ; FULL CHARGE CAPACITY ಎಂಬುದು ಈಗ ಉಳಿದಿರುವ ಸಾಮರ್ಥ್ಯ. ಎರಡನೆಯದು ಮೊದಲನೆಯದರ ಅರ್ಧದ ಸಮೀಪಕ್ಕೆ ಇಳಿದಿದ್ದರೆ ಬದಲಾವಣೆಗೆ ಸಿದ್ಧರಾಗಬೇಕು.

5. ಒಟ್ಟು ಮೊತ್ತ

ರಕ್ಷಣಾ ಯೋಜನೆ ಪಡೆಯದಿದ್ದಲ್ಲಿ ಮೊದಲನೆಯ ಯಂತ್ರಕ್ಕೆ ಬೆಲೆ ರೂ. 45,000/-, ಬ್ಯಾಗು ರೂ. 1,200/-, ಬ್ಯಾಟರಿ ರೂ. 4,000/- ಮತ್ತು ದುರಸ್ತಿ ಸಂಭವ ರೂ. 3,500/- ಸೇರಿ ರೂ. 53,700/- ಆಗುತ್ತದೆ. 36 ತಿಂಗಳುಗಳಿಗೆ ಭಾಗಿಸಿದರೆ ತಿಂಗಳಿಗೆ ಸುಮಾರು ರೂ. 1,492/-. ಅಪಘಾತ ರಕ್ಷಣೆ ಪಡೆದಲ್ಲಿ ರೂ. 4,000/- ಕೂಡಿಸಿ, ತಪ್ಪಿದ ಸಂಭವದ ರೂ. 1,900/- ಕಳೆಯಬೇಕು, ಆಗ ಒಟ್ಟು ರೂ. 55,800/-. ಅಂದರೆ ರೂ. 20,000/- ದಿಢೀರ್ ಹೊರೆಯ ಭಯವನ್ನು ಬಹುಮಟ್ಟಿಗೆ ತಗ್ಗಿಸಲು ಕುಟುಂಬವು ತೆರುವ ನಿವ್ವಳ ಬೆಲೆ ರೂ. 2,100/-.

6. ಖರೀದಿಯ ದಿನ ಗಮನಿಸಬೇಕಾದ ಅಂಶ

ಯಂತ್ರದ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳತಕ್ಕದ್ದು. ಅದೇ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನೀಡಿ ವಾರಂಟಿ ಆರಂಭವಾದ ದಿನಾಂಕವನ್ನು ನೋಡಬೇಕು. ಯಂತ್ರವು ಅಂಗಡಿಯಲ್ಲಿ ಬಹುಕಾಲ ಇದ್ದಲ್ಲಿ ಬಿಲ್ಲಿನ ದಿನಾಂಕಕ್ಕಿಂತ ಹಿಂದಿನ ದಿನಾಂಕ ಕಂಡುಬರಬಹುದು. ಅಂತಹ ಸಂದರ್ಭದಲ್ಲಿ ಬಿಲ್ಲಿನ ಪ್ರತಿಯೊಂದಿಗೆ ತಯಾರಕರಿಗೆ ಕೂಡಲೇ ಬರೆದು ದಿನಾಂಕವನ್ನು ಸರಿಪಡಿಸಿಕೊಳ್ಳಬೇಕು. ವಾರಂಟಿಯಡಿ ಸೇವೆ ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದಾಗಿದೆ. ಆಗಲೂ ಆಧಾರವಾಗುವುದು ಇದೇ ಬಿಲ್ಲು.