ಮೊದಲು ಸಿಕ್ಕ ದಾರಿಯೇ ಹತ್ತಿರದ ದಾರಿಯೇ?

ಗ್ರಾಫ್ ಎಂದರೆ ಕೆಲವು ಚುಕ್ಕಿಗಳು, ಅವುಗಳನ್ನು ಜೋಡಿಸುವ ಗೆರೆಗಳು. ಗೆರೆಗಳಿಗೆ ಉದ್ದ, ಖರ್ಚು ಏನೂ ಇಲ್ಲದೆ ಎಲ್ಲವೂ ಸಮಾನವಾಗಿದ್ದಾಗ, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಅತಿ ಕಡಿಮೆ ಗೆರೆಗಳಲ್ಲಿ ತಲುಪುವುದು ಹೇಗೆ? ಜಟಿಲವಾದ ಓಣಿಗಳ ನಡುವೆ ಇಂಥ ದಾರಿ ಹುಡುಕುವ ವಿಧಾನವನ್ನು ಅಮೆರಿಕದ ಎಡ್ವರ್ಡ್ ಮೂರ್ 1959ರಲ್ಲಿ ಪ್ರಕಟಿಸಿದರು. ಇಂದು ಅದು ಬ್ರೆಡ್ತ್ ಫಸ್ಟ್ ಸರ್ಚ್ ಎಂದು ಪ್ರಸಿದ್ಧ.

ಹೊರಟ ಚುಕ್ಕಿಯನ್ನು ಸರತಿಯಲ್ಲಿ ನಿಲ್ಲಿಸಿ. ಸರತಿಯ ಮುಂದಿರುವುದನ್ನು ಹೊರತೆಗೆದು, ಇನ್ನೂ ಕಾಣದ ಅದರ ನೆರೆಯ ಚುಕ್ಕಿಗಳನ್ನೆಲ್ಲ ಗುರುತು ಹಾಕಿ ಹಿಂದೆ ಸೇರಿಸಿ. ಯಾವುದು ಯಾರಿಂದ ಸಿಕ್ಕಿತು ಎಂದು ಬರೆದಿಡಿ. ಸರತಿ ಖಾಲಿಯಾಗುವವರೆಗೆ ಇಷ್ಟೇ ಕೆಲಸ.

ಇಲ್ಲಿ ನ್ಯಾಯವಾದ ಅನುಮಾನವೊಂದು ಏಳುತ್ತದೆ. ಈ ವಿಧಾನ ಎರಡು ದಾರಿಗಳನ್ನು ಎಂದೂ ಹೋಲಿಸಿ ನೋಡುವುದಿಲ್ಲ. ಮೊದಲು ಸಿಕ್ಕಿದ್ದನ್ನೇ ಒಪ್ಪಿಕೊಂಡುಬಿಡುತ್ತದೆ. ಆಮೇಲೆ ಇನ್ನೂ ಚಿಕ್ಕದು ಸಿಗಲಾರದು ಎಂಬ ಭರವಸೆ ಎಲ್ಲಿಂದ ಬಂತು?

ಸರತಿಯಿಂದಲೇ ಬಂತು. ಒಂದು ಗೆರೆ ದೂರದವೆಲ್ಲ ಮೊದಲು ಒಳಬರುತ್ತವೆ, ಅವು ಒಂದೊಂದಾಗಿ ಹೊರಬಂದಂತೆ ಎರಡು ಗೆರೆ ದೂರದವು ಹಿಂದೆ ಸೇರುತ್ತವೆ. ಹೀಗಾಗಿ ಯಾವ ಕ್ಷಣದಲ್ಲೂ ಸರತಿಯಲ್ಲಿ ಇರುವುದು ಒಂದೇ ದೂರದವು, ಇಲ್ಲವೇ ಅಕ್ಕಪಕ್ಕದ ಎರಡು ದೂರದವು. ಹತ್ತಿರದವು ಯಾವಾಗಲೂ ಮುಂದೆ. ಈಗ 'ಯ' ಎಂಬ ಚುಕ್ಕಿಯ ನಿಜವಾದ ದೂರ ಮೂರು ಗೆರೆ ಎನ್ನಿ. ಅತಿ ಚಿಕ್ಕ ದಾರಿಯಲ್ಲಿ ಅದರ ಹಿಂದಿನ ಚುಕ್ಕಿ ಎರಡು ಗೆರೆ ದೂರದಲ್ಲಿರಲೇಬೇಕು. 'ಯ' ನಾಲ್ಕು ಗೆರೆಯ ದಾರಿಯಲ್ಲಿ ಸಿಗಬೇಕಾದರೆ ಮೂರು ಗೆರೆ ದೂರದ್ದೊಂದು ಮೊದಲು ಹೊರಬರಬೇಕು. ಆದರೆ ಎರಡರ ದೂರದವೆಲ್ಲ ಅದಕ್ಕಿಂತ ಮೊದಲೇ ಹೊರಬಂದು, ತಮ್ಮ ನೆರೆಯವನ್ನೆಲ್ಲ ನೋಡಿ ಮುಗಿಸಿರುತ್ತವೆ. ಅಷ್ಟರಲ್ಲಿ 'ಯ'ಗೆ ಗುರುತು ಬಿದ್ದಾಗಿರುತ್ತದೆ. ಮೂರು ಗೆರೆಯ ದಾರಿಗಳು ಹಲವಿದ್ದರೆ ಯಾವುದು ಸಿಗುತ್ತದೆ ಎಂಬುದು ನೆರೆಯವನ್ನು ನೋಡುವ ಕ್ರಮಕ್ಕೆ ಬಿಟ್ಟದ್ದು. ಗೆರೆಗಳ ಎಣಿಕೆ ಮಾತ್ರ ಬದಲಾಗದು.

ಗೆರೆಗಳಿಗೆ ಬೇರೆ ಬೇರೆ ಉದ್ದ ಬಂದರೆ ಈ ಭರವಸೆ ಇಲ್ಲ: ಹತ್ತು ಕಿಲೋಮೀಟರಿನ ಒಂದು ಗೆರೆಗಿಂತ ಎರಡೆರಡು ಕಿಲೋಮೀಟರಿನ ಎರಡು ಗೆರೆಗಳೇ ವಾಸಿ.

ಪ್ರೋಗ್ರಾಂ ಬರೆಯುವಾಗ ಎಡವುವುದು ಇನ್ನೂ ಸೂಕ್ಷ್ಮವಾದ ಜಾಗದಲ್ಲಿ. ಸರತಿಗೆ ಸೇರಿಸುವಾಗ ಹಾಕಬೇಕಾದ ಗುರುತನ್ನು ಹೊರತೆಗೆಯುವಾಗ ಹಾಕಿ, ಗುರುತಿಲ್ಲದ ಚುಕ್ಕಿ ಕಂಡಾಗಲೆಲ್ಲ 'ಯಾರಿಂದ ಸಿಕ್ಕಿತು' ಎಂಬುದನ್ನು ತಿದ್ದಿ ಬರೆದರೆ ಕೆಡುತ್ತದೆ. ಅ, ಬ, ಕ ಎಂಬ ತ್ರಿಕೋನ ಸಾಕು. 'ಅ'ದಿಂದ ಬ, ಕ ಎರಡೂ ಸರತಿಗೆ ಬರುತ್ತವೆ, ದೂರ ಒಂದೊಂದು. 'ಬ' ಹೊರಬಂದು 'ಕ'ವನ್ನು ನೋಡುತ್ತದೆ. ಅದಕ್ಕಿನ್ನೂ ಗುರುತಿಲ್ಲದ್ದರಿಂದ, ಅದು ತನ್ನಿಂದಲೇ ಸಿಕ್ಕಿತೆಂದು ಬರೆದು ದೂರ ಎರಡು ಮಾಡುತ್ತದೆ. ಪಕ್ಕದಲ್ಲೇ ಇದ್ದ 'ಕ'ಗೆ ಸುತ್ತು ದಾರಿ!

ಇಂಥ ತಪ್ಪನ್ನು ಹಿಡಿಯುವುದು ಸುಲಭ. ಗೆರೆಗಳಲ್ಲಿ ಎರಡೂ ಕಡೆ ಹೋಗಬಹುದಾದರೆ, ಪ್ರತಿ ಗೆರೆಯ ಎರಡು ತುದಿಗಳ ದೂರಗಳ ವ್ಯತ್ಯಾಸ ಒಂದಕ್ಕಿಂತ ಹೆಚ್ಚಿರಬಾರದು. ಹೊರಟ ಚುಕ್ಕಿಯನ್ನು ಬಿಟ್ಟು ಉಳಿದ ಪ್ರತಿ ಚುಕ್ಕಿಯೂ ತನ್ನ ದೂರಕ್ಕಿಂತ ಒಂದು ಕಡಿಮೆ ಇರುವ ನೆರೆಯದರಿಂದಲೇ ಸಿಕ್ಕಿರಬೇಕು. ಮೊದಲ ಪರೀಕ್ಷೆ ದೂರ ಹೆಚ್ಚಾಗಿ ಬರೆದದ್ದನ್ನು ಹಿಡಿಯುತ್ತದೆ, ಎರಡನೆಯದು ಕಡಿಮೆ ಬರೆದದ್ದನ್ನು. ತ್ರಿಕೋನದಲ್ಲಿ 'ಅ'ದ ದೂರ ಸೊನ್ನೆ, 'ಕ'ದ ದೂರ ಎರಡು, ನಡುವೆ ನೇರ ಗೆರೆ. ಮೊದಲ ಪರೀಕ್ಷೆಯಲ್ಲೇ ತಪ್ಪು ಸಿಕ್ಕಿಬೀಳುತ್ತದೆ.