ಕಂತು ಹಗುರ, ಕೊನೆಯ ಗಂಟು ಭಾರ

ಕಾರು ಕೊಳ್ಳಲು 8 ಲಕ್ಷ ರೂಪಾಯಿ ಸಾಲ ಬೇಕು. ಬಡ್ಡಿ ವರ್ಷಕ್ಕೆ ಶೇ 9, ಅವಧಿ ಐದು ವರ್ಷ. ತಿಂಗಳ ಕಂತು 16,607 ರೂಪಾಯಿ ಎಂದು ಕೇಳಿ ಕೊಳ್ಳುವವರು ಹಿಂದೇಟು ಹಾಕಿದರೆ, ಕೆಲವು ಕಡೆ ಇನ್ನೊಂದು ಲೆಕ್ಕದ ಚೀಟಿ ಮುಂದೆ ಬರುತ್ತದೆ. ಅದರಲ್ಲೂ ಸಾಲ, ಬಡ್ಡಿ, ಅವಧಿ ಎಲ್ಲ ಅಷ್ಟೇ. ಕಂತು ಮಾತ್ರ 13,955 ರೂಪಾಯಿ. ಜೊತೆಗೆ ಒಂದು ಸಾಲು ಇರುತ್ತದೆ: ಐದನೇ ವರ್ಷದ ಕೊನೆಗೆ ಒಟ್ಟಿಗೆ 2 ಲಕ್ಷ ಕಟ್ಟಬೇಕು. ಇದೇ ಬಲೂನ್ ಸಾಲ. ಕೊನೆಯ ಕಂತು ಉಳಿದವುಗಳಿಗಿಂತ ಹಲವು ಪಟ್ಟು ಉಬ್ಬಿರುವುದರಿಂದ ಆ ಹೆಸರು.

ಕಂತು 2,652 ರೂಪಾಯಿ ಇಳಿದದ್ದು ಹೇಗೆ? ಮೊದಲ ತಿಂಗಳನ್ನೇ ನೋಡೋಣ. ವರ್ಷಕ್ಕೆ ಶೇ 9 ಎಂದರೆ ತಿಂಗಳಿಗೆ ಶೇ 0.75. ಎಂಟು ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 6,000 ರೂಪಾಯಿ. ಇದು ಎರಡೂ ಸಾಲಗಳಲ್ಲಿ ಒಂದೇ. ಸಾಮಾನ್ಯ ಸಾಲದ ಕಂತಿನಲ್ಲಿ ಈ ಬಡ್ಡಿ ಕಳೆದು 10,607 ರೂಪಾಯಿ ಅಸಲಿಗೆ ಹೋಗುತ್ತದೆ. ಬಲೂನ್ ಸಾಲದಲ್ಲಿ ಅಸಲಿಗೆ ಹೋಗುವುದು 7,955 ಮಾತ್ರ. ಅಂದರೆ ಬ್ಯಾಂಕು ಬಡ್ಡಿಯಲ್ಲಿ ಒಂದು ರೂಪಾಯಿಯನ್ನೂ ಬಿಟ್ಟಿಲ್ಲ, ಅಸಲು ತೀರುವ ವೇಗವನ್ನಷ್ಟೇ ತಗ್ಗಿಸಿದೆ.

ಈ ಸಾಲವನ್ನು ಎರಡು ತುಂಡಾಗಿ ನೋಡಿದರೆ ಲೆಕ್ಕ ಸಲೀಸು. ಒಂದು ತುಂಡು 6 ಲಕ್ಷದ್ದು. ಅದು ಸಾಮಾನ್ಯ ಸಾಲದಂತೆ ಅರವತ್ತು ಕಂತಿನಲ್ಲಿ ಪೂರ್ತಿ ತೀರುತ್ತದೆ, ಅದರ ಕಂತು 12,455 ರೂಪಾಯಿ. ಇನ್ನೊಂದು ತುಂಡು 2 ಲಕ್ಷದ್ದು. ಅದರ ಅಸಲನ್ನು ಐದು ವರ್ಷ ಯಾರೂ ಮುಟ್ಟುವುದಿಲ್ಲ. ತಿಂಗಳಿಗೆ 1,500 ರೂಪಾಯಿ ಬಡ್ಡಿ ಮಾತ್ರ ಸಲ್ಲುತ್ತಿರುತ್ತದೆ. ಎರಡನ್ನೂ ಕೂಡಿಸಿದರೆ 13,955. ಐದು ವರ್ಷದ ಬಳಿಕ ಮೊದಲ ತುಂಡು ಇಲ್ಲವಾಗಿರುತ್ತದೆ. ಎರಡನೆಯದು ಇದ್ದ ಹಾಗೇ ಎದುರಿಗೆ ನಿಂತಿರುತ್ತದೆ.

ಈ ನಿಂತ ಅಸಲಿಗೆ ಬೆಲೆಯುಂಟು. ಸಾಮಾನ್ಯ ಸಾಲದಲ್ಲಿ ಐದು ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ ಸುಮಾರು 1,96,400 ರೂಪಾಯಿ. ಬಲೂನ್ ಸಾಲದಲ್ಲಿ ಅದು ಸುಮಾರು 2,37,300. ಹೆಚ್ಚುವರಿ 40,900 ರೂಪಾಯಿ. ಮೂರು ವರ್ಷ ತುಂಬಿದಾಗ ಸಾಮಾನ್ಯ ಸಾಲದ ಬಾಕಿ 3.64 ಲಕ್ಷಕ್ಕೆ ಇಳಿದಿದ್ದರೆ, ಇದರಲ್ಲಿ ಇನ್ನೂ 4.73 ಲಕ್ಷ ಉಳಿದಿರುತ್ತದೆ. ನಡುವೆ ಕಾರು ಮಾರಿ ಸಾಲ ತೀರಿಸಹೊರಟವರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ.

ಮೇಲಿನ ಚೀಟಿಯಲ್ಲಿ ಕೊನೆಯ ಮೊತ್ತ ಮೊದಲೇ ನಿಗದಿಯಾಗಿತ್ತು, ಕಂತು ಅದರಿಂದ ಹುಟ್ಟಿತು. ಕೆಲವು ಸಾಲಗಳಲ್ಲಿ ಇದು ತಿರುವುಮುರುವು. ಕಂತನ್ನು ಏಳು ವರ್ಷದ ಸಾಲವೆಂಬಂತೆ ಲೆಕ್ಕ ಹಾಕುತ್ತಾರೆ, ಆದರೆ ಐದನೇ ವರ್ಷಕ್ಕೆ ಬಾಕಿಯೆಲ್ಲ ಕಟ್ಟಬೇಕೆಂಬ ಕರಾರು ಇರುತ್ತದೆ. ಅದೇ 8 ಲಕ್ಷಕ್ಕೆ ಏಳು ವರ್ಷದ ಕಂತು 12,871 ರೂಪಾಯಿ. ಅರವತ್ತು ಕಂತು ಕಟ್ಟಿದ ಮೇಲೂ 2,81,741 ರೂಪಾಯಿ ಉಳಿಯುತ್ತದೆ. ಕರಾರುಪತ್ರದಲ್ಲಿ ಈ ಅಂಕಿಯನ್ನು ಬಿಡಿಸಿ ಬರೆಯದಿದ್ದರೆ ಸಾಲಗಾರರಿಗೆ ಅದರ ಗಾತ್ರ ತಿಳಿಯುವುದು ತಡವಾಗಿ.

ಎರಡೂ ಬಗೆಗೆ ಹೊಂದುವ ಒಂದು ಸರಳ ಸೂತ್ರವಿದೆ. ತಿಂಗಳಿಗೆ ಶೇ 0.75 ಬಡ್ಡಿಯಲ್ಲಿ, ಅರವತ್ತು ತಿಂಗಳ ಕಾಲ ಪ್ರತಿ ಕಂತಿನಲ್ಲಿ ಒಂದು ರೂಪಾಯಿ ಕಡಿಮೆ ಕಟ್ಟಿದರೆ, ಆ ಕೊರತೆ ಬಡ್ಡಿ ಸೇರಿ ಕೊನೆಗೆ 75 ರೂಪಾಯಿ 42 ಪೈಸೆಯಾಗುತ್ತದೆ. ಕೊನೆಯ ದೊಡ್ಡ ಕಂತೆಂದರೆ ತಿಂಗಳ ಕೊರತೆಯನ್ನು 75.42ರಿಂದ ಗುಣಿಸಿದ ಮೊತ್ತ, ಅಷ್ಟೇ. ಮೊದಲ ಚೀಟಿಯಲ್ಲಿ ಕೊರತೆ 2,652 ರೂಪಾಯಿ, ಗುಣಿಸಿದರೆ 2 ಲಕ್ಷ. ಎರಡನೆಯದರಲ್ಲಿ ಕೊರತೆ 3,735 ರೂಪಾಯಿ, ಗುಣಿಸಿದರೆ 2.82 ಲಕ್ಷ. ಬಡ್ಡಿ ಅಥವಾ ಅವಧಿ ಬದಲಾದರೆ ಗುಣಕವೂ ಬದಲಾಗುತ್ತದೆ. ಅದೇ ಶೇ 9ರಲ್ಲಿ ಅವಧಿ ಏಳು ವರ್ಷವಾದರೆ ಅದು 116 ದಾಟುತ್ತದೆ.

ಕಂತನ್ನು ದುಂಡು ಅಂಕಿಗೆ ಇಳಿಸುವುದೂ ಕೊರತೆಯೇ. 13,955ರ ಬದಲು 13,900 ಎಂದು ನಿಗದಿ ಮಾಡಿದರೆ, ತಿಂಗಳಿಗೆ ಬಿಟ್ಟ ಆ 55 ರೂಪಾಯಿ ಕೊನೆಯಲ್ಲಿ 4,149 ರೂಪಾಯಿಯಾಗಿ ಮರಳುತ್ತದೆ. ಅರವತ್ತನೇ ತಿಂಗಳ ಮಾಮೂಲಿ ಕಂತು ದೊಡ್ಡ ಮೊತ್ತದೊಳಗೆ ಸೇರಿದೆಯೋ, ಪ್ರತ್ಯೇಕವೋ ಎಂಬುದನ್ನೂ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಪ್ರತ್ಯೇಕ. ಹಾಗಾಗಿ ಆ ತಿಂಗಳು ಕೈಯಿಂದ ಹೋಗುವುದು 2,13,955 ರೂಪಾಯಿ.

ಲೆಕ್ಕವನ್ನು ತಾಳೆ ನೋಡಲು ಎಕ್ಸೆಲ್ ಸಾಕು. ಮೊದಲ ಸಾಲು ಕಂತನ್ನು ಕೊಡುತ್ತದೆ. ಎರಡನೆಯದು ಕಂತು ಗೊತ್ತಿದ್ದಾಗ ಕೊನೆಯ ಮೊತ್ತವನ್ನು ಕೊಡುತ್ತದೆ.

```
=PMT(9%/12,60,-800000,200000)
=FV(9%/12,60,12871.26,-800000)
```

ಹಾಗಾದರೆ ಉಳಿದ 2,652 ರೂಪಾಯಿಯನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿ, ಕೊನೆಗೆ ಅದರಿಂದಲೇ ತೀರಿಸಬಹುದಲ್ಲ? ಆರ್‌ಡಿಗೆ ಶೇ 6.5 ಬಡ್ಡಿ ಸಿಕ್ಕರೆ ಐದು ವರ್ಷಕ್ಕೆ ಕೈಸೇರುವುದು ಸುಮಾರು 1 ಲಕ್ಷ 88 ಸಾವಿರ. ಇನ್ನೂ 12 ಸಾವಿರ ಸಾಲದು. ಬಡ್ಡಿಗೆ ತೆರಿಗೆ ಬಿದ್ದರೆ ಕೊರತೆ ಮತ್ತಷ್ಟು. ಸಾಲದಷ್ಟೇ ಬಡ್ಡಿ ಠೇವಣಿಗೂ ಸಿಕ್ಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಹಣ ಕೂಡದಿದ್ದರೆ ಉಳಿಯುವ ದಾರಿಗಳು ಎರಡು: ಕಾರು ಮಾರುವುದು, ಇಲ್ಲವೇ ಆ 2 ಲಕ್ಷಕ್ಕೆ ಹೊಸ ಸಾಲ ಮಾಡುವುದು. ಐದು ವರ್ಷದ ಕಾರಿಗೆ ಆಗಿನ ಮಾರುಕಟ್ಟೆ ಎಷ್ಟು ಕೊಡುತ್ತದೆ, ಬ್ಯಾಂಕು ಆಗ ಯಾವ ಬಡ್ಡಿ ಕೇಳುತ್ತದೆ ಎಂಬುದು ಇಂದು ಯಾರ ಕೈಯಲ್ಲೂ ಇಲ್ಲ. ಅಮೆರಿಕದಲ್ಲಿ 1920ರ ದಶಕದ ಗೃಹಸಾಲಗಳು ಬಹುಪಾಲು ಈ ನಂಬಿಕೆಯ ಮೇಲೆಯೇ ನಿಂತಿದ್ದವು. ಕೆಲವೇ ವರ್ಷಗಳ ಅವಧಿ, ಕೊನೆಗೆ ದೊಡ್ಡ ಬಾಕಿ, ಅದನ್ನು ಹೊಸ ಸಾಲದಿಂದ ಮುಂದೂಡುವ ರೂಢಿ. 1929ರ ಕುಸಿತದ ನಂತರ ಮನೆಗಳ ಬೆಲೆ ಬಿತ್ತು, ಬ್ಯಾಂಕುಗಳು ಹೊಸ ಸಾಲ ಕೊಡಲಿಲ್ಲ. ಅಪಾರ ಸಂಖ್ಯೆಯ ಕುಟುಂಬಗಳು ಮನೆ ಕಳೆದುಕೊಂಡವು. 1933ರಲ್ಲಿ ಅಲ್ಲಿನ ಸರ್ಕಾರ ಗೃಹಮಾಲೀಕರ ಸಾಲ ನಿಗಮವನ್ನು ಸ್ಥಾಪಿಸಿ, ಸಂಕಷ್ಟದಲ್ಲಿದ್ದ ಸಾಲಗಳನ್ನು ಹದಿನೈದು ವರ್ಷಗಳ ದೀರ್ಘಾವಧಿ ಸಾಲಗಳಾಗಿ ಬದಲಿಸಿತು. ಅವುಗಳಲ್ಲಿ ಅಸಲು ಕಂತುಕಂತಾಗಿ ಪೂರ್ತಿ ತೀರುತ್ತಿತ್ತು.

ನಮ್ಮಲ್ಲಿ 2024ರ ಅಕ್ಟೋಬರ್ 1ರಿಂದ, ರಿಸರ್ವ್ ಬ್ಯಾಂಕಿನ ನಿಯಮದಂತೆ, ವ್ಯಕ್ತಿಗಳಿಗೆ ಕೊಡುವ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ಬಡ್ಡಿದರ ಅದರಲ್ಲಿರುತ್ತದೆ. ಆದರೆ ಬಲೂನನ್ನು ಗುರುತಿಸಲು ಆ ದರ ಸಹಾಯಕ್ಕೆ ಬಾರದು. ಮೇಲಿನ ಎರಡೂ ಚೀಟಿಗಳಲ್ಲಿ ಅಸಲಿನ ಮೇಲಿನ ದರ ಶೇ 9ರಷ್ಟೇ, ಹೆಚ್ಚು ಬಡ್ಡಿ ಹೋಗುವುದು ಅಸಲು ಹೆಚ್ಚು ಕಾಲ ನಿಂತಿದ್ದಕ್ಕೆ. ಪತ್ರದ ಜೊತೆಗಿರುವ ಮರುಪಾವತಿ ಪಟ್ಟಿಯಲ್ಲಿ ಮೊದಲು ಕಣ್ಣು ಹಾಯಿಸಬೇಕಾದದ್ದು ಕೊನೆಯ ಸಾಲಿನ ಮೇಲೆ.

ಐದನೇ ವರ್ಷಕ್ಕೆ ಸರಿಯಾಗಿ ಕೈಸೇರುವ ವಿಮೆಯ ಹಣವೋ, ಠೇವಣಿಯೋ ಈಗಲೇ ಕಾಗದದ ಮೇಲೆ ಇದ್ದವರಿಗೆ ಈ ಸಾಲ ಹೊಂದಬಹುದು. ಸಂಬಳ ಏರುತ್ತದೆ ಎಂಬ ಅಂದಾಜನ್ನಷ್ಟೇ ನೆಚ್ಚಿದವರು, ಸಾಧ್ಯವಾದರೆ 16,607ರ ಕಂತನ್ನೇ ಹೊರುವುದು ಅಥವಾ 6 ಲಕ್ಷದ ಸಾಲಕ್ಕೆ ನಿಲುಕುವ ಕಾರನ್ನೇ ಕೊಳ್ಳುವುದು ಲೇಸು. ಆ 6 ಲಕ್ಷದ ಕಂತು ಬಲೂನಿನ ಕಂತಿಗಿಂತ 1,500 ರೂಪಾಯಿ ಕಡಿಮೆ. ಅರವತ್ತನೇ ಕಂತಿಗೆ ಸಾಲವೂ ಮುಗಿದಿರುತ್ತದೆ.