ಇನ್ನೂ ಮರುಕಳಿಸದ ಕಾಯಿಲೆಯ ಲೆಕ್ಕ

ರಕ್ತದ ಕ್ಯಾನ್ಸರ್ ಹತೋಟಿಗೆ ಬಂದಿದ್ದ 42 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರ ವರದಿ 1963ರಲ್ಲಿ ಪ್ರಕಟವಾಯಿತು. 21 ಮಂದಿಗೆ 6-ಮರ್ಕಾಪ್ಟೊಪ್ಯೂರಿನ್ ಔಷಧ, ಉಳಿದ 21 ಮಂದಿಗೆ ಹುಸಿ ಮಾತ್ರೆ. ಕಾಯಿಲೆ ಮತ್ತೆ ಕಾಣಿಸಿಕೊಳ್ಳಲು ಎಷ್ಟು ವಾರ ಹಿಡಿಯುತ್ತದೆ ಎಂಬುದೇ ಪ್ರಶ್ನೆ. ಹುಸಿ ಮಾತ್ರೆಯ ಗುಂಪಿನಲ್ಲಿ ಎಲ್ಲರಿಗೂ ಮರುಕಳಿಸಿತು. ಔಷಧದ ಗುಂಪಿನಲ್ಲಿ ಮರುಕಳಿಸಿದ್ದು 9 ಮಂದಿಗೆ ಮಾತ್ರ. ಉಳಿದ 12 ಮಂದಿ ಕೊನೆಯ ಬಾರಿ ನೋಡಿದಾಗಲೂ ಚೆನ್ನಾಗಿಯೇ ಇದ್ದರು.

ತೊಡಕಿರುವುದು ಈ 12 ಮಂದಿಯಲ್ಲೇ. ಅವರನ್ನು ಕೈಬಿಟ್ಟರೆ ಔಷಧದ ಗುಂಪಿನ ಸರಾಸರಿ ಸುಮಾರು 12 ವಾರ, ಹುಸಿ ಮಾತ್ರೆಯದು ಸುಮಾರು 9 ವಾರ. ಔಷಧದಿಂದ ಹೆಚ್ಚೇನೂ ಉಪಯೋಗವಾಗಲಿಲ್ಲ ಎನ್ನಿಸುತ್ತದೆ. ಆದರೆ ಕೈಬಿಟ್ಟವರೇ ಔಷಧದಿಂದ ಹೆಚ್ಚು ಲಾಭ ಪಡೆದವರು! ಇಂಥವರ ಮಾಹಿತಿಯನ್ನು ‘ಸೆನ್ಸಾರ್’ ಆದದ್ದು ಎನ್ನುತ್ತಾರೆ: ಇಷ್ಟು ವಾರ ಮರುಕಳಿಸಲಿಲ್ಲ ಎಂಬುದು ಖಚಿತ, ಮುಂದಿನದು ತಿಳಿಯದು.

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ 1972ರಲ್ಲಿ ತಮ್ಮ ವಿಧಾನವನ್ನು ವಿವರಿಸಲು ಇದೇ ಅಂಕಿಗಳನ್ನು ಬಳಸಿದರು. ಯಾರಿಗೆ ಎಷ್ಟು ವಾರ ಎಂದು ಕೇಳುವ ಬದಲು, ಮರುಕಳಿಸಿದ ಪ್ರತಿ ವಾರದಲ್ಲೂ ಅವರು ಇನ್ನೊಂದು ಪ್ರಶ್ನೆ ಕೇಳಿದರು: ಆ ಹೊತ್ತಿಗೆ ಕಣದಲ್ಲಿ ಉಳಿದವರ ಪೈಕಿ ಯಾರಿಗೆ ಮರುಕಳಿಸಿತು?

15ನೇ ವಾರವನ್ನೇ ನೋಡೋಣ. ಆಗ ಔಷಧದ ಗುಂಪಿನಲ್ಲಿ 11 ಮಂದಿ, ಇನ್ನೊಂದರಲ್ಲಿ 4 ಮಂದಿ ಉಳಿದಿದ್ದರು. 11ನೇ ವಾರದಲ್ಲೇ ಸೆನ್ಸಾರ್ ಆದ ರೋಗಿ ಅಲ್ಲಿಯವರೆಗಿನ ಪ್ರತಿ ಲೆಕ್ಕದಲ್ಲೂ ಇದ್ದು, ಈಗಿಲ್ಲ. ಆ ವಾರ ಮರುಕಳಿಸಿದ್ದು ಹುಸಿ ಮಾತ್ರೆಯ ಗುಂಪಿನ ಒಬ್ಬರಿಗೆ. ಎರಡೂ ಗುಂಪಿಗೆ ಅಪಾಯ ಸಮನಾಗಿದ್ದರೆ ಹೀಗಾಗುವ ಸಾಧ್ಯತೆ 15ರಲ್ಲಿ 4. ಹುಸಿ ಮಾತ್ರೆಯವರಿಗೆ ಅಪಾಯ 5 ಪಟ್ಟು ಎಂದುಕೊಂಡರೆ 31ರಲ್ಲಿ 20. ಹೀಗೆ ಎಲ್ಲ ವಾರಗಳ ಸಾಧ್ಯತೆಗಳನ್ನು ಗುಣಿಸಿ, ಗುಣಲಬ್ಧ ಅತಿ ಹೆಚ್ಚಾಗುವಂತೆ ಮಾಡುವ ಪಟ್ಟನ್ನು ಹುಡುಕುತ್ತಾರೆ. ಅದೇ ಹಜಾರ್ಡ್ ರೇಷಿಯೊ. ಇಲ್ಲಿ ಅದು ಸುಮಾರು 4.8. ರೋಗಿಗಳು ಕಡಿಮೆಯಾದ್ದರಿಂದ ಅಂದಾಜಿನ ಹರವು ದೊಡ್ಡದು: ಸುಮಾರು 2ರಿಂದ 11ರವರೆಗೆ.

ಔಷಧ ಪಡೆದವರು 4.8 ಪಟ್ಟು ಹೆಚ್ಚು ಕಾಲ ಚೆನ್ನಾಗಿದ್ದರು ಎಂದು ಇದನ್ನು ಓದುವುದು ತಪ್ಪು. ಅರ್ಧದಷ್ಟು ಮಂದಿಗೆ ಮರುಕಳಿಸಲು ಒಂದು ಗುಂಪಿನಲ್ಲಿ 8 ವಾರ, ಇನ್ನೊಂದರಲ್ಲಿ 23 ವಾರ ಹಿಡಿಯಿತು. ಅಂದರೆ ಮೂರು ಪಟ್ಟಿಗೂ ಕಡಿಮೆ. ರೇಷಿಯೊ ಹೇಳುವುದು, ಇನ್ನೂ ಚೆನ್ನಾಗಿರುವವರಿಗೆ ಆ ಗಳಿಗೆಯಲ್ಲಿರುವ ಅಪಾಯವನ್ನು.

ಈ ಒಂದೇ ಸಂಖ್ಯೆ ಸಾಕಾಗಬೇಕಾದರೆ ಅಪಾಯದ ಅನುಪಾತ ಮೊದಲಿನಿಂದ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಶಸ್ತ್ರಚಿಕಿತ್ಸೆಯನ್ನು ಮಾತ್ರೆಯೊಂದಿಗೆ ಹೋಲಿಸುವಾಗ ಹಾಗಿರದೆ ಹೋಗಬಹುದು: ಮೊದಲ ದಿನಗಳಲ್ಲಿ ಶಸ್ತ್ರಚಿಕಿತ್ಸೆಯೇ ಅಪಾಯಕಾರಿ, ಆಮೇಲೆ ಅದೇ ರಕ್ಷಣೆ. ಆರಂಭದ ಮತ್ತು ನಂತರದ ಅವಧಿಗಳಿಗೆ ಬೇರೆಬೇರೆ ಲೆಕ್ಕ ಹಾಕಿದರೆ ಈ ದೋಷ ಹೊರಬೀಳುತ್ತದೆ. ಇನ್ನೊಂದು ದೋಷ ಅಂಕಿಗಳಲ್ಲಿ ಕಾಣುವುದೇ ಇಲ್ಲ. ಕಾಯಿಲೆ ಉಲ್ಬಣಿಸಿದ್ದರಿಂದಲೇ ರೋಗಿ ಆಸ್ಪತ್ರೆಗೆ ಬರುವುದನ್ನು ಬಿಟ್ಟಿದ್ದರೆ, ಅವರನ್ನು ಸೆನ್ಸಾರ್ ಆದವರೆಂದು ಬರೆದುಕೊಂಡ ಲೆಕ್ಕ ಔಷಧವನ್ನು ಇರುವುದಕ್ಕಿಂತ ಒಳ್ಳೆಯದೆಂದು ತೋರಿಸುತ್ತದೆ. ಅದಕ್ಕೇ ಪ್ರತಿಯೊಬ್ಬರೂ ಏಕೆ ಲೆಕ್ಕದಿಂದ ಹೊರಬಿದ್ದರು ಎಂಬ ಕಾರಣವನ್ನು ದಾಖಲೆಯಲ್ಲಿ ಬರೆದಿಡಬೇಕಾಗುತ್ತದೆ.